ನೀರು ಹಿಡಿಯಲಾರದ ಉಸಿರು

ಮೊದಲ ಏಟು ಫರಾಜನ ಹೆಗಲಿನ ಮೇಲೆ ಬಿತ್ತು. ಪೈಪು ಬಿಗಿಯುವ ಕಬ್ಬಿಣದ ರೆಂಚು, ಮೊಳದುದ್ದದ್ದು. ಮೂಳೆ ಲಟಕ್ಕೆಂದದ್ದು ಐದಡಿ ದೂರದಲ್ಲಿದ್ದ ಆಶಾರಾಣಿಗೆ ಚೆನ್ನಾಗಿಯೇ ಕೇಳಿಸಿತು. ಆದರೂ ಅವಳ ಬುದ್ಧಿ ಅದನ್ನು ಒಪ್ಪಲಿಲ್ಲ. ಹೊಡೆದವನು ಶ್ರೀಹರಿ. ಮೂರು ವರ್ಷದ ಹಿಂದೆ ಲ್ಯಾಬಿನಲ್ಲಿ ಅವಳ ಪಕ್ಕದಲ್ಲೇ ನಿಂತು ಕೆಲಸ ಕಲಿತವನು. ಯುಗಾದಿಗೆ ಮನೆಗೆ ಬಂದು ಮೂರು ಒಬ್ಬಟ್ಟು ತಿಂದು, ನಾಲ್ಕನೆಯದನ್ನು ಡಬ್ಬಿಗೆ ಹಾಕಿಸಿಕೊಂಡು ಹೋದವನು. ಇಂಥವನು ಹೊಡೆಯುತ್ತಾನೆಯೇ? ಹೊಡೆದ. ಎರಡನೆಯದನ್ನೂ ಹೊಡೆದ.

ಎರಡನೆಯದು ಪಕ್ಕೆಲುಬಿಗೆ. ಫರಾಜ ಆಳೆತ್ತರದ ಕೊಳವೆಯ ಪಾಚಿಗಟ್ಟಿದ ಸಿಮೆಂಟಿನ ಮೇಲೆ ಅಂಗಾತ ಬಿದ್ದ. ಅವನ ಕೈಯಲ್ಲಿ ಕ್ಷಾರದ ಬಾಟಲಿಯಿತ್ತು, ಮುಚ್ಚಳ ಇನ್ನೂ ಹಾಕಿರಲಿಲ್ಲ. ಅದು ಮಗುಚಿ ಅವನ ಮುಖದ ಮೇಲೆಯೇ ಸುರಿಯಿತು. ಕಣ್ಣಿಗೆ ಹಾಕುವ ಗಾಗಲ್ಸ್ ಸೆಕೆಗೆ ಮಂಜು ಹಿಡಿಯುತ್ತದೆಂದು ಹಣೆಯ ಮೇಲಕ್ಕೆ ಸರಿಸಿಕೊಂಡಿದ್ದ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಅವನು ಕಿರುಚಿದ. ಆ ಕಿರುಚು ಕೊಳವೆಯೊಳಗೆಲ್ಲ ಸುತ್ತಿ ಹೊರಗಿನ ಹೊಳೆಯ ದಡದಲ್ಲಿದ್ದ ಕೊಕ್ಕರೆಗಳನ್ನು ಎಬ್ಬಿಸಿತು.

ಇಷ್ಟಕ್ಕೆಲ್ಲ ಕಾರಣ ಎರಡು ಗಾಜಿನ ಬಾಟಲಿ ನೀರು ಎಂದರೆ ಯಾರಾದರೂ ನಗುತ್ತಾರೆ. ನಗುವವರು ಆ ಜುಲೈನಲ್ಲಿ ಆ ಹೊಳೆಯ ದಡಕ್ಕೆ ಬಂದು ನಿಂತಿರಬೇಕಿತ್ತು. ಡೆಟ್ರಾಯ್ಟಿನಿಂದ ದಕ್ಷಿಣಕ್ಕೆ ಇಪ್ಪತ್ತು ಮೈಲು, ಹೈವೇಯ ಎಕ್ಸಿಟ್ ಇಳಿದರೆ ಒಂದು ಸಿರಪ್ ಕಾರ್ಖಾನೆ. ಸೋಡಾಕ್ಕೆ, ಐಸ್‌ಕ್ರೀಮಿಗೆ ಸಕ್ಕರೆ ಪಾಕ ಮಾಡಿಕೊಡುವುದು ಅದರ ಕಸುಬು. ತೊಳೆದ ನೀರನ್ನು ಶುದ್ಧಮಾಡಿ ಬಿಡುತ್ತೇವೆಂದು ಹೇಳಿಕೊಂಡು ದೊಡ್ಡದೊಂದು ಕೊಳವೆಯಿಂದ ಹೊಳೆಗೆ ಬಿಡುತ್ತಿದ್ದರು. ಸಕ್ಕರೆ ಬಿದ್ದ ನೀರಿನಲ್ಲಿ ಕ್ರಿಮಿಗಳಿಗೆ ಮದುವೆಯೂಟ. ಅವು ತಿಂದು ಕೊಬ್ಬಿ ನೀರಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತವೆ. ಒಂದೇ ತಿಂಗಳಲ್ಲಿ ಎರಡು ಸಲ ಸಾವಿರಾರು ಮೀನು ಬಾಯಿ ತೆರೆದು, ಹೊಟ್ಟೆ ಮೇಲೆ ಮಾಡಿ ತೇಲಿದವು. ಅವನ್ನು ಸಲಿಕೆಯಲ್ಲಿ ಲಾರಿಗೆ ತುಂಬಿದರು.

ಸರ್ಕಾರದವರ ಮೀಟರು ಆಮ್ಲಜನಕ ಸೊನ್ನೆ ಎಂದಿತು. ಕಾರ್ಖಾನೆಯ ಮೀಟರು ಆರೂವರೆ ಎಂದಿತು. ನಿನ್ನ ಮೀಟರು ಕೆಟ್ಟಿದೆ, ನಿನ್ನದೇ ಕೆಟ್ಟಿದೆ ಎಂದು ಎರಡು ಕಡೆಯ ವಕೀಲರು ಕಿತ್ತಾಡಿ ಕಿತ್ತಾಡಿ, ಕೊನೆಗೆ ನ್ಯಾಯಾಧೀಶರು ಮೀಟರುಗಳನ್ನೆಲ್ಲ ಪಕ್ಕಕ್ಕಿಡಿ ಎಂದರು. ಹಳೆಯ ಕಾಲದ ಹಾಗೆ ಬಾಟಲಿಯಲ್ಲೇ ಮ್ಯಾಂಗನೀಸ್ ಹಾಕಿ ಆಮ್ಲಜನಕ ಹಿಡಿಯಿರಿ, ಅಯೋಡಿನ್ ಟೈಟ್ರೇಷನ್ ಮಾಡಿ ಮುಗಿಸಿ. ಮೂರನೆಯವರ ಲ್ಯಾಬು ಮಾಡಲಿ, ಟೈಟ್ರೇಷನ್ನಿಗೆ ಎರಡು ಕಡೆಯವರೂ ಎದುರಿಗಿದ್ದು ಸಹಿ ಹಾಕಲಿ. ಲೀಟರಿಗೆ ಐದು ಮಿಲಿಗ್ರಾಮಿಗಿಂತ ಕಡಿಮೆ ಬಂದರೆ ಕೊಳವೆಗೆ ಬೀಗ. ಕೊಳವೆಗೆ ಬೀಗ ಬಿದ್ದರೆ ಕಾರ್ಖಾನೆಗೂ ಬೀಗ. ಲ್ಯಾಬು ಬಿಟ್ಟು ಕಾರ್ಖಾನೆಯ ಪರಿಸರ ವಿಭಾಗದ ಮ್ಯಾನೇಜರ್ ಆಗಿದ್ದ ಶ್ರೀಹರಿಯ ಕೆಲಸಕ್ಕೂ ಬೀಗ, ಆ ಕೆಲಸಕ್ಕೆ ಅಂಟಿಕೊಂಡ ಅವನ ವೀಸಾಕ್ಕೂ ಬೀಗ.

ಆ ಮೂರನೆಯವರ ಲ್ಯಾಬು ಆಶಾರಾಣಿಯದು. ಅಂದರೆ ಅವಳು ಹತ್ತೊಂಬತ್ತು ವರ್ಷದಿಂದ ದುಡಿಯುತ್ತಿದ್ದದ್ದು. ಮೈಸೂರಿನಲ್ಲಿ ಕೆಮಿಸ್ಟ್ರಿ ಪಾಠ ಹೇಳುತ್ತಿದ್ದವಳು ಇಲ್ಲಿ ಬಂದು ಬುರೆಟ್ ಹಿಡಿದಳು. ಐವತ್ತೆರಡು ವರ್ಷ, ಮೊಣಕಾಲು ನೋವು, ಕೋಪ ಮೂಗಿನ ತುದಿಯಲ್ಲಿ. ಸ್ಯಾಂಪಲ್ ತೆಗೆಯುವವನು ಫರಾಜ. ಗದಗಿನ ಹುಡುಗ, ಆನ್ ಆರ್ಬರ್‌ನಲ್ಲಿ ಎಮ್ಮೆಸ್ ಮಾಡಿ ಎರಡು ವರ್ಷದ ಹಿಂದೆ ಲ್ಯಾಬಿಗೆ ಬಂದವನು. ಅವನಿಗೆ ಇಪ್ಪತ್ತೆಂಟು.

ಆ ಬೆಳಿಗ್ಗೆ ಸೂರ್ಯ ಹುಟ್ಟುವ ಮುಂಚೆ ಅವರಿಬ್ಬರೂ ಕೊಳವೆಯೊಳಗೆ ಮೂವತ್ತು ಅಡಿ ನಡೆದು ಹೋಗಿದ್ದರು. ಕಾರ್ಖಾನೆಯ ಸಾಕ್ಷಿಯಾಗಿ ಶ್ರೀಹರಿ ಹಿಂದೆ ಬಂದಿದ್ದ. ಕೈಯಲ್ಲಿ ರೆಂಚು ಯಾಕೆಂದರೆ, ಒಳಗಿನ ವಾಲ್ವ್ ಒಂದು ಸೋರುತ್ತಿದೆ ಎಂದಿದ್ದ. ಫರಾಜ ನೀರಿನ ಬಿಸಿ ನೋಡಿ ಎಂಬತ್ತನಾಲ್ಕು ಡಿಗ್ರಿ ಫ್ಯಾರನ್‌ಹೀಟ್ ಎಂದು ಹಾಳೆಯಲ್ಲಿ ಬರೆದ. ಟ್ಯೂಬನ್ನು ಬಾಟಲಿಯ ತಳಕ್ಕಿಟ್ಟು ನೀರು ತುಂಬಿಸಿ ಉಕ್ಕಿ ಹರಿಯಬಿಟ್ಟ, ಒಂದು ಗುಳ್ಳೆಯೂ ಉಳಿಯದ ಹಾಗೆ. ಪಿಪೆಟ್ಟಿನ ತುದಿಯನ್ನು ನೀರಿನೊಳಗೆ ಮುಳುಗಿಸಿ ಒಂದು ಮಿಲಿಲೀಟರ್ ಮ್ಯಾಂಗನೀಸ್ ಬಿಟ್ಟ, ಆಮೇಲೆ ಅಯೋಡೈಡ್ ಬೆರೆತ ಕ್ಷಾರ ಒಂದು ಮಿಲಿಲೀಟರ್. ಬಿರಡೆ ಹಾಕಿ ಬಾಟಲಿಯನ್ನು ಹದಿನೈದು ಸಲ ತಲೆಕೆಳಗು ಮಾಡಿದ. ನೀರಿನಲ್ಲಿ ಆಮ್ಲಜನಕ ಇದ್ದರೆ ಮ್ಯಾಂಗನೀಸ್ ಅದನ್ನು ಕಚ್ಚಿ ಹಿಡಿದು ಕಂದು ಬಣ್ಣದ ಗಸಿಯಾಗಿ ಕೂರುತ್ತದೆ. ಇಲ್ಲದಿದ್ದರೆ ಬಿಳಿಯಾಗಿಯೇ ಉಳಿಯುತ್ತದೆ.

ಫರಾಜ ತಲೆಗೆ ಕಟ್ಟಿದ್ದ ದೀಪದ ಬೆಳಕಿಗೆ ಎರಡು ಬಾಟಲಿಗಳನ್ನೂ ಎತ್ತಿ ಹಿಡಿದ. "ಮಜ್ಜಿಗಿ ಆಗೇತ್ರಿ ಮೇಡಂ. ಎರಡೂ ಬಿಳಿ."

ಆಶಾರಾಣಿ ಕಣ್ಣಾರೆ ನೋಡಿದಳು. ಸುಣ್ಣದಷ್ಟು ಬಿಳಿ.

"ಚೆಲ್ಲಿಬಿಡು," ಎಂದ ಶ್ರೀಹರಿ. "ಇನ್ನೊಂದು ಗಂಟೆ ಬಿಟ್ಟು ತಗೋ. ಈಗ ಶಿಫ್ಟ್ ಚೇಂಜ್, ಟ್ಯಾಂಕ್ ತೊಳೀತಿದಾರೆ."

"ಚೆಲ್ಲಾಕ ಬರಂಗಿಲ್ರಿ ಸರ್. ಹಿಡದದ್ದು ಹಿಡದಂಗ," ಎಂದು ಫರಾಜ ಬಾಟಲಿಗಳನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿ, ಕ್ಷಾರದ ಬಾಟಲಿಯ ಮುಚ್ಚಳ ಹುಡುಕಲು ಬಗ್ಗಿದ. ಆಗ ಬಿತ್ತು ಆ ಮೊದಲ ಏಟು.

ಮೂರನೆಯ ಏಟಿಗೆ ಶ್ರೀಹರಿ ರೆಂಚನ್ನು ತಲೆಯ ಮೇಲಕ್ಕೆತ್ತಿದ್ದ. ಅದು ಇಳಿದಿದ್ದರೆ ಫರಾಜನ ಬುರುಡೆ ಎರಡಾಗುತ್ತಿತ್ತು. ಆಶಾರಾಣಿ ಅಡ್ಡ ನುಗ್ಗಿದಳು. ಅವನು ಮೊಣಕೈಯಿಂದ ಅವಳ ಎದೆಗೆ ಗುದ್ದಿದ. ಗೋಡೆಗೆ ಬಡಿದು ನೀರಿಗೆ ಬಿದ್ದವಳು ಬಿದ್ದಲ್ಲಿಂದಲೇ ತರಗತಿಯಲ್ಲಿ ಕೂಗುವ ದನಿಯಲ್ಲಿ ಕೂಗಿದಳು: "ಶ್ರೀಹರಿ! ಇಳಿಸೋ ಕೈ!"

ಹಳೆಯ ಅಭ್ಯಾಸವೋ ಏನೋ, ಕೈ ಇಳಿಯಿತು.

ಆಮೇಲಿನದೆಲ್ಲ ಅವಸರ. ಫರಾಜ ಏಟು ಬೀಳದ ಕೈಯಲ್ಲಿ ಮುಖ ಉಜ್ಜುತ್ತಿದ್ದ. ಬಲಗಣ್ಣಿನ ಸುತ್ತ ಚರ್ಮ ಸೋಪು ಹಚ್ಚಿದಂತೆ ಜಾರುತ್ತಿತ್ತು. ಕ್ಷಾರ ಆಸಿಡ್ಡಿಗಿಂತ ಕೆಟ್ಟದ್ದು. ಆಸಿಡ್ ಸುಟ್ಟು ನಿಲ್ಲುತ್ತದೆ, ಕ್ಷಾರ ಕರಗಿಸುತ್ತ ಒಳಕ್ಕೆ ಇಳಿಯುತ್ತಲೇ ಹೋಗುತ್ತದೆ. ಒಂದೊಂದು ಸೆಕೆಂಡಿಗೂ ಕಣ್ಣಿನ ಒಂದೊಂದು ಪದರ ಹೋಗುತ್ತಿರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಕುಡಿಯುವ ನೀರಿನ ಕ್ಯಾನುಗಳು ದಂಡೆಯ ಮೇಲೆ ವ್ಯಾನಿನಲ್ಲಿ. ಬಾಟಲಿಗಳ ಪೆಟ್ಟಿಗೆ ಶ್ರೀಹರಿಯ ಕಾಲ ಬಳಿ. ಎರಡನ್ನೂ ಒಟ್ಟಿಗೆ ಹೊರಲು ಅವಳಿಗೆ ನಾಲ್ಕು ಕೈ ಇರಲಿಲ್ಲ. ಪೆಟ್ಟಿಗೆ ಹಾಳಾಗಿ ಹೋಗಲಿ ಎಂದು ಫರಾಜನ ಕಂಕುಳಿಗೆ ಕೈ ಹಾಕಿ ಎಳೆದಳು. ಹೆಗಲು ಮುರಿದವನನ್ನು ಕಂಕುಳು ಹಿಡಿದು ಎಳೆದರೆ ಹೇಗಿರುತ್ತದೆ, ಅವನು ಕೂಗಿದ ಕೂಗು ಅವಳ ಕಿವಿಯಲ್ಲಿ ಇವತ್ತಿಗೂ ಇದೆ.

ವ್ಯಾನಿನ ಬಾಗಿಲಲ್ಲಿ ಅವನನ್ನು ಮಲಗಿಸಿ, ಎದೆಯ ಮೇಲೆ ಮೊಣಕಾಲೂರಿ, ರೆಪ್ಪೆಗಳನ್ನು ಬೆರಳಿನಿಂದ ಬಲವಂತವಾಗಿ ಬಿಡಿಸಿ ನೀರು ಸುರಿದಳು. ಅವನು ಒದ್ದಾಡಿದ, ಅವಳ ಮಣಿಕಟ್ಟು ಕಚ್ಚಿದ. "ಕಚ್ಚೋ, ಕಚ್ಚು, ಕಣ್ಣು ಮಾತ್ರ ಮುಚ್ಚಬೇಡ," ಎನ್ನುತ್ತ ಸುರಿದಳು. ಫೋನು ನೆಲದ ಮೇಲೆ ಸ್ಪೀಕರಿನಲ್ಲಿತ್ತು, ನೈನ್ ಒನ್ ಒನ್ ಹೆಂಗಸು ಸುರಿಯುತ್ತಲೇ ಇರಿ ಎನ್ನುತ್ತಿದ್ದಳು. ಮೂರು ಕ್ಯಾನು ಖಾಲಿಯಾಯಿತು. ಆಂಬುಲೆನ್ಸ್ ಬರುವಷ್ಟರಲ್ಲಿ ಇಪ್ಪತ್ತು ನಿಮಿಷ.

ಆಂಬುಲೆನ್ಸಿನ ಹಿಂದೆಯೇ ಒಬ್ಬ ಪೊಲೀಸಿನವನು ಬಂದ. ಅವನೊಂದಿಗೆ ಆಶಾರಾಣಿ ಕೊಳವೆಗೆ ಇಳಿದಾಗ ಶ್ರೀಹರಿ ಪೆಟ್ಟಿಗೆಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದ. ರೆಂಚು ಎಲ್ಲೂ ಕಾಣಲಿಲ್ಲ. ಮುಖದಲ್ಲಿ ಎಂಥ ಕಳಕಳಿ, ನೋಡಿದವರು ಅವನಿಗೇ ಪೆಟ್ಟಾಗಿದೆ ಎನ್ನಬೇಕು.

"ಪಾಪ, ಪಾಚಿ ಮೇಲೆ ಜಾರಿಬಿಟ್ಟ," ಎಂದ ಇಂಗ್ಲಿಷಿನಲ್ಲಿ. "ವಾಲ್ವಿಗೆ ಬಡ್ಕೊಂಡ. ಮೇಡಂ ಗಾಬರಿಯಲ್ಲಿದಾರೆ."

"ಇವನೇ ಹೊಡೆದದ್ದು! ನಾನು ನೋಡಿದೀನಿ. ನೀರು ಸತ್ತಿತ್ತು, ಬಾಟಲಿ ಬಿಳಿ ಆಯ್ತು, ಅದಕ್ಕೇ ಹೊಡೆದ," ಎಂದು ಆಶಾರಾಣಿ ಕೂಗಿದಳು.

ಶ್ರೀಹರಿ ಪೆಟ್ಟಿಗೆಯ ಮುಚ್ಚಳ ತೆಗೆದ. ಎರಡು ಬಾಟಲಿಯ ತಳದಲ್ಲೂ ಗಸಿ ಕೂತಿತ್ತು. ಕಂದು.

"ನೀರು ಚೆನ್ನಾಗಿದೆ. ನಾನ್ಯಾಕೆ ಹೊಡೀಲಿ?" ಎಂದ ಪೊಲೀಸಿನವನಿಗೆ. ಆಮೇಲೆ ಅವಳ ಕಡೆ ತಿರುಗಿ ಕನ್ನಡದಲ್ಲಿ, ತುಂಬ ಮೆತ್ತಗೆ: "ನೀವೇ ಹೇಳಿಕೊಟ್ಟಿದ್ದಲ್ವಾ ಮೇಡಂ? ಕಂದಾದ್ರೆ ಜೀವ, ಬಿಳಿಯಾದ್ರೆ ಹೆಣ."

ಹೌದು, ಅವಳೇ ಹೇಳಿಕೊಟ್ಟದ್ದು. ಆಗ ಲ್ಯಾಬಿನಲ್ಲಿ ಜನ ಇರಲಿಲ್ಲ, ದಿನಕ್ಕೆ ಅರವತ್ತು ಬಾಟಲಿ ಬರುತ್ತಿತ್ತು. ಇವನಿಗೆ ಮೂರು ವಾರದಲ್ಲಿ ಕೈ ಕೂರಿಸಬೇಕಿತ್ತು. ಮ್ಯಾಂಗನೀಸ್ ಯಾಕೆ, ಎಷ್ಟಕ್ಕೆ ಎಷ್ಟು, ಅದೆಲ್ಲ ಆಮೇಲೆ, ಮೊದಲು ಬಣ್ಣ ನೋಡು ಎಂದಿದ್ದಳು. ಒಮ್ಮೆ ಅವನು ಬಿರಡೆಯ ಕೆಳಗೆ ಗಾಳಿಗುಳ್ಳೆ ಬಿಟ್ಟು, ಬಿಳಿಯ ಗಸಿ ಅಲ್ಲಲ್ಲಿ ಕಂದಾದಾಗ ಎಲ್ಲರೆದುರು ಬೈದಿದ್ದಳು: "ಗಾಳಿ ಸೋಕಿದ್ರೆ ಬಿಳಿ ಕಂದಾಗುತ್ತೆ ಅಂತ ಎಷ್ಟು ಸಲ ಹೇಳೋದು?" ಎಷ್ಟು ಚೆನ್ನಾಗಿ ಕಲಿತಿದ್ದಾನೆ! ತಾನು ಅರೆಬೇಯಿಸಿ ಬಡಿಸಿದ ವಿದ್ಯೆ ಈಗ ಫರಾಜನ ಕಣ್ಣು ತಿಂದಿತು ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದೇ ತಡ ಕೊಳವೆಯ ಗೋಡೆಗೆ ಕೈ ಕೊಟ್ಟು ವಾಂತಿ ಮಾಡಿಕೊಂಡಳು.

ಪೊಲೀಸಿನವನು ಇಬ್ಬರ ಹೇಳಿಕೆಯನ್ನೂ ಬರೆದುಕೊಂಡ. ಒಂದು ಕಡೆ ಅವಳ ಮಾತು, ಇನ್ನೊಂದು ಕಡೆ ಅವನದು. ಕ್ಯಾಮೆರಾ ಇಲ್ಲ. ಫರಾಜನಿಗೆ ಪ್ರಜ್ಞೆ ತಪ್ಪಿಸಿ ಶಸ್ತ್ರಚಿಕಿತ್ಸೆಗೆ ಒಯ್ದಿದ್ದರು. ತನಿಖೆ ಮಾಡುತ್ತೇವೆ, ಯಾರೂ ಊರು ಬಿಡಬೇಡಿ ಎಂದು ಹೇಳಿ ಅವನು ಹೋದ.

ಹನ್ನೊಂದು ಗಂಟೆಗೆ ಲ್ಯಾಬಿನಲ್ಲಿ ಮೂವರು ಸೇರಿದರು. ಸರ್ಕಾರದ ಕಡೆಯ ಸಾಕ್ಷಿ ಕೊವಾಲ್ಸ್ಕಿ ಎಂಬ ಅಧಿಕಾರಿಣಿ. ಎತ್ತರದ ಹೆಂಗಸು, ಮಾತು ಕಡಿಮೆ, ಮೊದಲು ಕರಾವಳಿ ಕಾವಲು ಪಡೆಯಲ್ಲಿದ್ದವಳಂತೆ. ಆಶಾರಾಣಿ ಒದ್ದೆ ಬಟ್ಟೆಯಲ್ಲೇ ಇದ್ದಳು. ಪೆಟ್ಟಿಗೆ ಇಪ್ಪತ್ತು ನಿಮಿಷ ತನ್ನ ಕಣ್ಣಳತೆಯಲ್ಲಿ ಇರಲಿಲ್ಲ ಎಂದು ಹಾಳೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದಳು.

"ಈ ಬಾಟಲಿ ಹಾಳಾಗಿವೆ. ಟೈಟ್ರೇಟ್ ಮಾಡಲ್ಲ," ಎಂದಳು.

"ಮಾಡದಿದ್ದರೆ ನಮ್ಮ ಕೈಯಲ್ಲಿ ಏನೂ ಉಳಿಯಲ್ಲ," ಎಂದಳು ಕೊವಾಲ್ಸ್ಕಿ. "ನೀವು ಹೇಳಿದ್ದನ್ನು ಬರೆದುಕೊಂಡಿದೀನಿ. ಏನು ಬರುತ್ತೋ ಬರಲಿ."

"ಕಾರ್ಖಾನೆಯ ಪರವಾಗಿ ನಾನೂ ಅದನ್ನೇ ಕೇಳ್ತೀನಿ," ಎಂದ ಶ್ರೀಹರಿ. ಅಂಗಿ ಬದಲಾಯಿಸಿ, ತಲೆ ಬಾಚಿಕೊಂಡು ಬಂದಿದ್ದ.

ಆಶಾರಾಣಿಗೆ ಎರಡೂ ಬಾಟಲಿಗಳನ್ನು ನೆಲಕ್ಕೆ ಅಪ್ಪಳಿಸಿಬಿಡಬೇಕು ಅನ್ನಿಸಿತು. ಟೈಟ್ರೇಟ್ ಮಾಡಿದರೆ ಆರೋ ಏಳೋ ಬರುತ್ತದೆ. ಆ ಅಂಕಿಯ ಕೆಳಗೆ ತನ್ನದೇ ಸಹಿ. ನೀರು ಚೆನ್ನಾಗಿತ್ತು, ಹೊಡೆಯಲು ಕಾರಣವೇ ಇರಲಿಲ್ಲ, ಫರಾಜ ಜಾರಿ ಬಿದ್ದ. ಸಣ್ಣಗೆ ಒಂದು ಅನುಮಾನವೂ ಕೊರೆಯತೊಡಗಿತ್ತು: ಆ ಕತ್ತಲಲ್ಲಿ ನಾನು ನೋಡಿದ್ದು ನಿಜವಾಗಲೂ ಬಿಳಿಯೇ?

ಕಪಾಟಿನಿಂದ ಗಾಢ ಸಲ್ಫ್ಯೂರಿಕ್ ಆಸಿಡ್ ತೆಗೆದಳು. ಶ್ರೀಹರಿ ಒಂದು ಮಾರು ದೂರದಲ್ಲಿ ನಿಂತಿದ್ದ. ಬಾಟಲಿ ಕೈಯಲ್ಲಿ ಭಾರವಾಗಿತ್ತು. ಒಂದೇ ಬೀಸು, ಕಣ್ಣಿಗೆ ಕಣ್ಣು. ಇದನ್ನು ಅವಳು ಬರಿದೇ ಯೋಚಿಸಲಿಲ್ಲ, ಮೈತುಂಬ ಬಯಸಿದಳು. ಹೆಬ್ಬೆರಳು ಮುಚ್ಚಳದ ಮೇಲೆ ಎಷ್ಟು ಹೊತ್ತು ನಿಂತಿತ್ತೋ. ಕೊವಾಲ್ಸ್ಕಿ ಮೆಲ್ಲನೆ ಕೆಮ್ಮಿದಳು. ಆಶಾರಾಣಿ ಪಿಪೆಟ್ಟಿನಲ್ಲಿ ಒಂದೊಂದೇ ಮಿಲಿಲೀಟರ್ ಎಳೆದು ಎರಡು ಬಾಟಲಿಗೂ ಬಿಟ್ಟು, ಬಿರಡೆ ಹಾಕಿ, ತಲೆಕೆಳಗು ಮಾಡಿದಳು. ಗಸಿ ಕರಗಿತು. ಮ್ಯಾಂಗನೀಸ್ ಹಿಡಿದಿಟ್ಟಿದ್ದ ಆಮ್ಲಜನಕದ ಲೆಕ್ಕಕ್ಕೆ ಸರಿಯಾಗಿ ಅಯೋಡಿನ್ ಹೊರಬಿದ್ದು ನೀರು ಬಣ್ಣ ತಿರುಗಿತು. ಕಾಫಿ ಡಿಕಾಕ್ಷನ್ನಿನಂಥ ಕಡು ಬಣ್ಣ. ಕಣ್ಣು ಶ್ರೀಹರಿಯ ಮೇಲೇ ಇದ್ದದ್ದರಿಂದ ಅವಳು ಆ ಬಣ್ಣವನ್ನು ಸರಿಯಾಗಿ ನೋಡಲಿಲ್ಲ.

ಅಯೋಡಿನ್ನಿನ ಬಣ್ಣ ಕಳೆಯುವ ಥಯೋಸಲ್ಫೇಟಿನ ಬಲ ಸರಿಯಿದೆಯೇ ಎಂದು ಮೊದಲು ಅಳತೆ ಗೊತ್ತಿದ್ದ ದ್ರಾವಣದ ಮೇಲೆ ಪರೀಕ್ಷಿಸಿ ಇಬ್ಬರಿಗೂ ತೋರಿಸಿದಳು. ಸರಿಯಿತ್ತು. ಬುರೆಟ್ ತುಂಬಿ ಸೊನ್ನೆಗೆ ನಿಲ್ಲಿಸಿದಳು. ಮೊದಲ ಬಾಟಲಿಯಿಂದ ಇನ್ನೂರೊಂದು ಮಿಲಿಲೀಟರ್ ಅಳೆದು ಫ್ಲಾಸ್ಕಿಗೆ ಸುರಿದಳು. ಇನ್ನು ಮಗ್ಗಿ ಬೇಕಿಲ್ಲ. ಬುರೆಟ್ಟಿನಿಂದ ಒಂದು ಮಿಲಿಲೀಟರ್ ಇಳಿದರೆ ಲೀಟರಿಗೆ ಒಂದು ಮಿಲಿಗ್ರಾಂ ಆಮ್ಲಜನಕ.

ಬಲಗೈಯಲ್ಲಿ ಫ್ಲಾಸ್ಕ್ ಆಡಿಸುತ್ತ ಎಡಗೈಯಲ್ಲಿ ನಲ್ಲಿ ಬಿಟ್ಟಳು. ಒಂದು. ಎರಡು. ಮೂರು.

ಶ್ರೀಹರಿ ಬುರೆಟ್ಟನ್ನೇ ನೋಡುತ್ತ, ಮುಖದಲ್ಲಿ ನಗು ಇಟ್ಟುಕೊಂಡು, ಕೊವಾಲ್ಸ್ಕಿಗೆ ತಿಳಿಯದ ಹಾಗೆ ಕನ್ನಡದಲ್ಲಿ ಮಾತಾಡಿದ. "ಆರಾಮಾಗಿ ಮಾಡಿ ಮೇಡಂ. ಪೀರ್ ಸಾಬ್ ಅಂಕಲ್ ಗ್ರೋಸರಿ ಅಂಗಡಿ ಸ್ಟ್ರಿಪ್ ಮಾಲ್ ಕೊನೇಲಿ ಅಲ್ವಾ? ಒಬ್ಬರೇ ಶಟರ್ ಎಳೀತಾರೆ. ವಯಸ್ಸಾಗಿದೆ ಪಾಪ."

ಪೀರ್ ಸಾಬ್ ಫರಾಜನ ಅಪ್ಪ, ಗದಗಿನಿಂದ ಬಂದು ಇಲ್ಲೇ ದಿನಸಿ ಅಂಗಡಿ ಇಟ್ಟವರು. ಆಶಾರಾಣಿ ನಲ್ಲಿಯಿಂದ ಕೈ ತೆಗೆಯಲಿಲ್ಲ.

ನಾಲ್ಕು. ಐದು. "ಪಾಸ್," ಎಂದ ಶ್ರೀಹರಿ ಇಂಗ್ಲಿಷಿನಲ್ಲಿ, ಉಸಿರು ಬಿಟ್ಟು.

ಬಣ್ಣ ಇನ್ನೂ ಕಡುವಾಗಿಯೇ ಇತ್ತು. ಆರು. ಏಳು. ಎಂಟು.

ಎಂಟರ ಗೆರೆ ದಾಟಿದ್ದನ್ನು ಆಶಾರಾಣಿಯ ಕಣ್ಣು ಮೊದಲು ಕಂಡಿತು, ತಲೆಗೆ ಆಮೇಲೆ ಹೊಳೆಯಿತು. ನೀರು ಬಿಸಿಯಾದಷ್ಟೂ ಅದರ ಹೊಟ್ಟೆ ಚಿಕ್ಕದಾಗುತ್ತದೆ. ಎಂಬತ್ತನಾಲ್ಕು ಡಿಗ್ರಿಯ ನೀರನ್ನು ಇಡೀ ದಿನ ಗಾಳಿಯಲ್ಲಿ ಕಡೆದರೂ ಅದು ಎಂಟು ಮಿಲಿಗ್ರಾಂ ಆಮ್ಲಜನಕ ಹಿಡಿಯಲಾರದು. ಇಲ್ಲಿ ಎಂಟು ದಾಟಿದೆ, ಫ್ಲಾಸ್ಕ್ ಇನ್ನೂ ಚಹಾದ ಬಣ್ಣದಲ್ಲಿದೆ!

ಅಯ್ಯೋ ಪೆದ್ದೇ, ಎಂದುಕೊಂಡಳು, ಅವನಿಗೋ ತನಗೋ ಅವಳಿಗೇ ಗೊತ್ತಿಲ್ಲ. ಬಿಳಿಯ ಮ್ಯಾಂಗನೀಸ್ ಹಸಿದ ಭೂತ. ಬಿರಡೆ ಮುಚ್ಚಿದ್ದರೆ ನೀರಿನೊಳಗೆ ಇದ್ದಷ್ಟನ್ನೇ ತಿಂದು ಸುಮ್ಮನಿರುತ್ತದೆ. ಬಿರಡೆ ತೆಗೆದು, ಮೇಲಿನ ನೀರು ಚೂರು ಚೆಲ್ಲಿ, ಗಾಳಿ ತುಂಬಿಸಿ ಕುಲುಕಿದರೆ ಅದು ಗಾಳಿಯ ಆಮ್ಲಜನಕವನ್ನು ತಿನ್ನುತ್ತಲೇ ಹೋಗುತ್ತದೆ. ಎಲ್ಲಿ ನಿಲ್ಲಬೇಕೆಂದು ಅದಕ್ಕೆ ಗೊತ್ತಿಲ್ಲ. ಶ್ರೀಹರಿಗೂ ಗೊತ್ತಿರಲಿಲ್ಲ. ಚೆನ್ನಾಗಿ ಕಂದಾಗಲಿ ಎಂದು ಆಸೆಯಿಂದ ಕುಲುಕಿದ್ದಾನೆ. ಅತಿಯಾಸೆ ಗತಿಗೇಡು ಎಂದು ಸುಮ್ಮನೆ ಅಂದರೇ ಹಿರಿಯರು?

ಒಂಬತ್ತು. ಹತ್ತು. ಹನ್ನೊಂದು. ಗೋಡೆಗೊರಗಿದ್ದ ಕೊವಾಲ್ಸ್ಕಿ ನೆಟ್ಟಗಾಗಿ ಹತ್ತಿರ ಬಂದಳು. ಶ್ರೀಹರಿ ನಗು ಹಾಗೇ ಇಟ್ಟುಕೊಂಡಿದ್ದ, ಆದರೆ ಅದನ್ನು ಎಲ್ಲಿ ಇಡುವುದೆಂದು ತಿಳಿಯದವನ ಹಾಗಿದ್ದ.

"ಸಾಕು," ಎಂದ ಕನ್ನಡದಲ್ಲಿ. "ಪಾಸ್ ಆಯ್ತಲ್ಲ. ನಿಲ್ಸಿ."

"ಬಣ್ಣ ಹೋಗಬೇಕಲ್ಲಪ್ಪಾ. ಅದನ್ನ ಹೇಳಿಕೊಟ್ಟಿರಲಿಲ್ವಾ?"

ಹದಿಮೂರರ ಹತ್ತಿರ ಫ್ಲಾಸ್ಕ್ ಒಣಹುಲ್ಲಿನ ತಿಳಿ ಹಳದಿಗೆ ಬಂತು. ಆಗ ಸ್ಟಾರ್ಚ್ ಹಾಕಿದಳು, ಫ್ಲಾಸ್ಕ್ ಥಟ್ಟನೆ ಕಡುನೀಲಿಯಾಯಿತು. ಇನ್ನು ಹನಿ ಹನಿ. ಹದಿನಾಲ್ಕು ದಾಟಿ ಕೊನೆಯದೊಂದು ಹನಿಗೆ ನೀಲಿ ಮಾಯವಾಗಿ ನೀರು ನೀರಿನಂತಾಯಿತು.

"ಹದಿನಾಲ್ಕು ಪಾಯಿಂಟ್ ಆರು," ಎಂದು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿದಳು. "ಓದಿ ಸಹಿ ಹಾಕಿ."

"ಆಲ್ಗೆ!" ಎಂದ ಶ್ರೀಹರಿ. "ಬಿಸಿಲಿಗೆ ಪಾಚಿ ಆಮ್ಲಜನಕ ಬಿಡುತ್ತೆ. ಹೊಳೆಗಳಲ್ಲಿ ಹದಿನೈದರ ತನಕ ಹೋಗುತ್ತೆ. ಪುಸ್ತಕದಲ್ಲಿದೆ."

"ಹೌದು, ಇದೆ," ಎಂದಳು ಆಶಾರಾಣಿ. "ಸೂರ್ಯ ಹುಟ್ಟೋ ಮುಂಚೆ, ಕೊಳವೆಯ ಮೂವತ್ತಡಿ ಒಳಗೆ, ಯಾವ ಬಿಸಿಲು?"

ಕೊವಾಲ್ಸ್ಕಿ ಇಬ್ಬರನ್ನೂ ನೋಡಿ, "ಎರಡನೆಯ ಬಾಟಲಿ ಮಾಡಿ," ಎಂದಳು. "ಒಂದೇ ನೀರು, ಒಂದೇ ನಿಮಿಷದ್ದು. ನೀರಿನದೇ ಆಮ್ಲಜನಕವಾದರೆ ಅದೂ ಹದಿನಾಲ್ಕು ಪಾಯಿಂಟ್ ಆರೇ ಬರಬೇಕು ತಾನೆ?"

"ಒಂದೆರಡು ಹನಿ ಆಚೀಚೆ, ಅಷ್ಟೇ."

ಶ್ರೀಹರಿಗೆ ಈಗ ಅರ್ಥವಾಯಿತು. ಎರಡು ಬಾಟಲಿಯನ್ನು ಯಾರೂ ಒಂದೇ ಅಳತೆಯಲ್ಲಿ ಕುಲುಕಲಾರರು. ಅವನು ಮೇಜಿನ ಮೇಲಿನ ಎರಡನೆಯ ಬಾಟಲಿಗೆ ಹಾರಿದ. ಆಶಾರಾಣಿ ಅದನ್ನು ಮೊದಲು ಹಿಡಿದಳು, ಎರಡು ಕೈಯಲ್ಲೂ, ಹಸುಗೂಸನ್ನು ಅವಚಿಕೊಂಡಂತೆ ಎದೆಗೆ. ಅವನು ಅವಳ ಮುಖಕ್ಕೆ ಗುದ್ದಿದ. ಬಾಯೊಳಗೆ ಏನೋ ಮುರಿಯಿತು. ಮತ್ತೊಮ್ಮೆ ಗುದ್ದಿದ. ಅವಳು ಬಿದ್ದಳು, ಬೀಳುವಾಗ ಬೆನ್ನು ಕೆಳಗೆ ಮಾಡಿ ಬಿದ್ದಳು. ಬುರೆಟ್ಟಿನ ಸ್ಟ್ಯಾಂಡು ಉರುಳಿ ಗಾಜು ಚೂರು ಚೂರಾಯಿತು. ಅವನು ಅವಳ ಕೂದಲು ಹಿಡಿದು ತಲೆಯನ್ನು ನೆಲಕ್ಕೆ ಕುಟ್ಟಿದ. "ಬಿಡೇ! ಬಿಡೇ ಅದನ್ನ!" ಮೇಡಂ ಅನ್ನುವುದು ಎಲ್ಲಿ ಹೋಯಿತೋ. ಅವನು ಬೆರಳುಗಳನ್ನು ಒಂದೊಂದಾಗಿ ಹಿಂದಕ್ಕೆ ಮಡಿಸತೊಡಗಿದ. ಕಿರುಬೆರಳು ಮುರಿಯಿತು. ಅವಳು ಬಿಡಲಿಲ್ಲ. ಕೆಳಗಿನಿಂದಲೇ ಅವನ ಕಿವಿ ಬಾಯಿಗೆ ಸಿಕ್ಕಿತು, ಕಚ್ಚಿದಳು. ಕೋಪ ಅಂದರೆ ಏನೆಂದು ಐವತ್ತೆರಡು ವರ್ಷದಲ್ಲಿ ಅವಳಿಗೆ ಅವತ್ತೇ ಗೊತ್ತಾದದ್ದು.

ಕೊವಾಲ್ಸ್ಕಿ ಗೋಡೆಯಿಂದ ಬೆಂಕಿ ಆರಿಸುವ ಸಿಲಿಂಡರ್ ಕಿತ್ತು ಅವನ ಬೆನ್ನಿಗೆ ಬಡಿದಳು. ಮಗುಚಿ ಬಿದ್ದವನ ಕತ್ತಿನ ಮೇಲೆ ಮೊಣಕಾಲೂರಿ, ತೋಳು ತಿರುಚಿ ಹಿಡಿದು, ಇನ್ನೊಂದು ಕೈಯಲ್ಲಿ ಫೋನು ತೆಗೆದಳು. ಪೊಲೀಸರು ಬರಲು ಒಂಬತ್ತು ನಿಮಿಷ ಎಂದರು.

"ನೀವು ಕೂತ್ಕೊಳ್ಳಿ. ರಕ್ತ ಬರ್ತಿದೆ," ಎಂದಳು ಆಶಾರಾಣಿಗೆ.

ಆಶಾರಾಣಿ ಕೂರಲಿಲ್ಲ. ಬಾಟಲಿಯ ಬಿರಡೆ ನೋಡಿದಳು. ಬಿಗಿಯಾಗಿತ್ತು. ಕಪಾಟಿನಿಂದ ಇನ್ನೊಂದು ಬುರೆಟ್ ತೆಗೆದು, ತೊಳೆದು, ತುಂಬಿದಳು. ಕಿರುಬೆರಳು ಅಡ್ಡಡ್ಡ ನಿಂತಿತ್ತು, ಉಳಿದ ಬೆರಳುಗಳಲ್ಲಿ ನಲ್ಲಿ ತಿರುಗಿಸಿದಳು. ಬಾಯಿಯ ರಕ್ತ ಫ್ಲಾಸ್ಕಿಗೆ ಬೀಳದಂತೆ ಮುಖ ಪಕ್ಕಕ್ಕೆ ಹಿಡಿದುಕೊಂಡಳು, ಅದು ಭುಜದ ಮೇಲೆ ತೊಟ್ಟಿಕ್ಕುತ್ತಿತ್ತು. ನೆಲಕ್ಕೆ ಒತ್ತಿಸಿಕೊಂಡಿದ್ದ ಶ್ರೀಹರಿ ತಲೆ ಓರೆ ಮಾಡಿ ಕೆಳಗಿನಿಂದ ಬುರೆಟ್ಟನ್ನೇ ನೋಡುತ್ತಿದ್ದ. ನೀಲಿ ಹೋಯಿತು.

"ಹತ್ತು ಪಾಯಿಂಟ್ ಒಂಬತ್ತು," ಎಂದಳು.

ಒಂದೇ ನೀರಿಗೆ ಎರಡು ಉತ್ತರ, ಎರಡೂ ಆ ನೀರು ಹಿಡಿಯಲಾರದವು. ಕೊವಾಲ್ಸ್ಕಿ ಮೊಣಕಾಲು ತೆಗೆಯದೆಯೇ ಹಾಳೆ ಇಸಿದುಕೊಂಡು ಸಹಿ ಹಾಕಿದಳು.

ಸಂಜೆಯ ಹೊತ್ತಿಗೆ ರೆಂಚು ಸಿಕ್ಕಿತು, ಹೊಳೆಯ ಕೆಸರಿನಲ್ಲಿ. ಸ್ಯಾಂಪಲ್ ತಿದ್ದಿದ್ದಕ್ಕೆ ಕೊಳವೆಗೆ ಬೀಗ ಬಿತ್ತು. ಶ್ರೀಹರಿಯ ಕೈಗೆ ಬೇಡಿ ಬಿದ್ದದ್ದು ಮಧ್ಯಾಹ್ನವೇ.

ಎರಡು ದಿನ ಬಿಟ್ಟು ಆಶಾರಾಣಿ ಆಸ್ಪತ್ರೆಗೆ ಹೋದಳು. ಬಾಯಿಗೆ ಹೊಲಿಗೆ, ಕೈಗೆ ಪಟ್ಟಿ. ಬಾಗಿಲಲ್ಲಿ ಪೀರ್ ಸಾಬ್ ಕುರ್ಚಿ ಹಾಕಿಕೊಂಡು ಕೂತಿದ್ದರು, ಅವಳನ್ನು ಕಂಡು ಎದ್ದು ನಿಂತರು. "ಬಲಗಣ್ಣು ಹೋತವ್ವಾ," ಎಂದರು. "ಎಡದ್ದು ಐತಿ. ನೀರು ಹಾಕದಿದ್ರ ಅದೂ ಹೋಗ್ತಿತ್ತಂತ, ಡಾಕ್ಟರ್ ಅಂದ್ರು." ಅವಳಿಗೆ ಅವರ ಮುಖ ನೋಡಲಾಗಲಿಲ್ಲ.

ಫರಾಜನ ಮುಖ ಅರ್ಧ ಬಟ್ಟೆಯಲ್ಲಿ ಮುಚ್ಚಿತ್ತು. ಹೆಜ್ಜೆಯ ಸದ್ದಿಗೇ ಗುರುತು ಹಿಡಿದ. "ಎಷ್ಟು ಬಂತ್ರಿ ಮೇಡಂ?"

"ಹದಿನಾಲ್ಕು ಪಾಯಿಂಟ್ ಆರು. ಹತ್ತು ಪಾಯಿಂಟ್ ಒಂಬತ್ತು."

ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಆಮೇಲೆ ನಗಲು ಹೋದ, ಪಕ್ಕೆಲುಬು ನೋವಾಗಿ ಅರ್ಧಕ್ಕೇ ಬಿಟ್ಟ. "ಎಂಬತ್ನಾಕು ಡಿಗ್ರಿಗೆ? ಮಗಾ ಕುಲುಕ್ಯಾನ್ರಿ."

ಆಶಾರಾಣಿ ಮಂಚದ ಕಂಬಿ ಹಿಡಿದು ನಿಂತಳು. ಎರಡು ದಿನದಿಂದ ಹೇಳಲಾಗದ್ದನ್ನು ಹೇಳಿಯೇಬಿಟ್ಟಳು. "ತಪ್ಪು ನಂದು ಫರಾಜ. ಬಣ್ಣ ನೋಡು ಅಂತ ಕಲಿಸಿದ್ದು ನಾನೇ. ಗಾಳಿ ಸೋಕಿದ್ರೆ ಕಂದಾಗುತ್ತೆ ಅಂತ ಹೇಳಿಕೊಟ್ಟಿದ್ದೂ ನಾನೇ. ಅರ್ಧ ಕಲಿಸಿ ಕಳಿಸಿಬಿಟ್ಟೆ." ಹೇಳುತ್ತ ಹೇಳುತ್ತ ಅತ್ತಳು, ಹೊಲಿಗೆ ಬಿಚ್ಚಿಹೋಗುವ ಹಾಗೆ.

ಫರಾಜ ಉಳಿದ ಒಂದು ಕಣ್ಣನ್ನು ಅವಳ ಕಡೆ ತಿರುಗಿಸಲು ತಲೆಯನ್ನೇ ಪೂರ್ತಿ ತಿರುಗಿಸಬೇಕಾಯಿತು.

"ನನಗೂ ಅದನ್ನೇ ಕಲಿಸಿದ್ರಿ ಮೇಡಂ," ಎಂದ. "ನಾ ಯಾರನ್ನೂ ಹೊಡೀಲಿಲ್ಲಲ್ರಿ."